ಓದಲು ಬಾರದ ಪರದೆಯಲ್ಲಿ ನಮ್ಮ ಹಣ ಎಲ್ಲಿಗೆ ಹೋಗುತ್ತದೆ?

(ನಮ್ಮ ತಿಂಗಳ ಸಭೆಯಲ್ಲಿ ಆಡಿದ ಮಾತುಗಳನ್ನು ಬರೆದು ಇಲ್ಲಿ ಹಾಕಿದ್ದೇವೆ. ಸಭೆಗೆ ಬರಲಾಗದವರು ಓದಿ, ಮನೆಯ ಹಿರಿಯರಿಗೂ ಓದಿ ಹೇಳಿ.)

ಸಾಮಾನ್ಯವಾಗಿ ನಾವು ಇಲ್ಲಿ ಸೇರಿದಾಗ ಮಾತನಾಡುವುದು ಶಾಲೆಯ ಬಗ್ಗೆ, ಕನ್ನಡ ಬಾರದ ಅಧ್ಯಾಪಕರ ನೇಮಕದ ಬಗ್ಗೆ, ಕನ್ನಡದಲ್ಲಿ ಸಿಗದ ಅರ್ಜಿ ನಮೂನೆಗಳ ಬಗ್ಗೆ. ಇವತ್ತು ಸ್ವಲ್ಪ ಬೇರೆ ವಿಷಯ. ಆದರೆ ಬೇರು ಒಂದೇ. ನಮಗೆ ಓದಲು ಬಾರದ ಲಿಪಿಯಲ್ಲಿ ಒಂದು ಕಾಗದ ಬಂದಾಗ ನಾವು ಯಾರನ್ನಾದರೂ ಕೇಳುತ್ತೇವೆ. ಅದೇ ಲಿಪಿಯಲ್ಲಿ ಮೊಬೈಲಿನ ಪರದೆ ಬಂದಾಗ ಕೇಳುವುದಿಲ್ಲ. ಬಣ್ಣದ ದೊಡ್ಡ ಬಟನ್ ಎಲ್ಲಿದೆ ನೋಡಿ ಒತ್ತಿಬಿಡುತ್ತೇವೆ. ಹಾಗೆ ಒತ್ತುವಾಗ ಏನೇನು ಕೊಂಡೆವು ಎನ್ನುವುದು ಹಣ ಹೋದ ಮೇಲೆ ಗೊತ್ತಾಗುತ್ತದೆ, ಕೆಲವೊಮ್ಮೆ ಆಗಲೂ ಗೊತ್ತಾಗುವುದಿಲ್ಲ.

ನಮ್ಮ ಗುಂಪಿಗೆ ಇಂಥ ಸ್ಕ್ರೀನ್‌ಶಾಟ್‌ಗಳು ಬರುತ್ತಾ ಉಂಟು. ಕಾಸರಗೋಡಿನ ಕಡೆಯಿಂದ ಮಲಯಾಳದ್ದು, ತಾಳವಾಡಿಯಿಂದ ತಮಿಳಿನದ್ದು, ಜತ್ತಿನಿಂದ ಮರಾಠಿಯದ್ದು. "ಇದರಲ್ಲಿ ಏನು ಬರೆದಿದೆ, ಹಣ ಕಟ್ಟಬಹುದಾ?" ಎಂದು ಕೇಳುತ್ತಾರೆ. ನಮ್ಮಲ್ಲಿಯೂ ಎಲ್ಲರಿಗೂ ಎಲ್ಲ ಲಿಪಿ ಬರುವುದಿಲ್ಲ. ಹೀಗಾಗಿ ಅಕ್ಷರ ಓದದೆಯೇ ಪರದೆಯನ್ನು ಓದುವ ಒಂದು ಕ್ರಮವನ್ನು ನಾವೇ ರೂಢಿ ಮಾಡಿಕೊಂಡಿದ್ದೇವೆ. ಅದನ್ನೇ ಇವತ್ತು ಒಂದು ಉದಾಹರಣೆ ಇಟ್ಟುಕೊಂಡು ಹೇಳುತ್ತೇವೆ.

ಬದಿಯಡ್ಕದ ಕಡೆಯ ಒಬ್ಬರು ಅಕ್ಕ. ಹೆಸರು ಬೇಡ. ಅತ್ತೆಯವರನ್ನು ಬೆಂಗಳೂರಿನ ಆಸ್ಪತ್ರೆಗೆ ತೋರಿಸಲು ಕರೆದುಕೊಂಡು ಹೋಗಬೇಕಿತ್ತು. ಇಬ್ಬರಿಗೆ ರಾತ್ರಿಯ ಎ.ಸಿ. ಸ್ಲೀಪರ್ ಬಸ್ಸು. ಅಕ್ಕ ಓದಿದ್ದು ಕನ್ನಡ ಮಾಧ್ಯಮ. ಮಲಯಾಳ ಕೇಳಿದರೆ ಅರ್ಥವಾಗುತ್ತದೆ, ಸಂತೆಯಲ್ಲಿ ಮಾತೂ ಆಡುತ್ತಾರೆ, ಆದರೆ ಓದಲು ಬರುವುದಿಲ್ಲ. ಮೊಬೈಲ್ ಕೊಂಡ ದಿನ ಅಂಗಡಿಯ ಹುಡುಗ ಎಲ್ಲವನ್ನೂ ಮಲಯಾಳದಲ್ಲಿ ಹೊಂದಿಸಿ ಕೊಟ್ಟಿದ್ದ. ಅದು ಹಾಗೆಯೇ ಉಳಿದಿತ್ತು. ಟಿಕೆಟ್ ತೆಗೆಯುವ ಆ್ಯಪ್ ಕೂಡ ಅದೇ ಭಾಷೆಯಲ್ಲಿ ತೆರೆಯಿತು. ಹಣ ಕಟ್ಟುವ ಮೊದಲು ಅವರು ನಮಗೆ ಒಂದು ಸ್ಕ್ರೀನ್‌ಶಾಟ್ ಕಳಿಸಿದರು. "ಎರಡು ಸೀಟಿಗೆ 1700 ಅಂತ ನೋಡಿದ್ದೆ, ಇಲ್ಲಿ 2043 ತೋರಿಸ್ತಾ ಉಂಟು. ನಂಗೆ ಓದ್ಲಿಕ್ಕೆ ಬರ್ಲಿಲ್ಲ ಅಂತ ಹೀಗಾಯ್ತಾ?" ಎಂದು ಕೇಳಿದರು.

ಆ ಕೊನೆಯ ಪ್ರಶ್ನೆಗೆ ಉತ್ತರ: ಅಲ್ಲ. ಓದಲು ಬರುವವರಿಗೂ ಹೀಗೇ ಆಗುತ್ತದೆ, ಯಾಕೆಂದರೆ ಆ ಪರದೆಯನ್ನು ಹಾಗೆಯೇ ಕಟ್ಟಿದ್ದಾರೆ. ಓದಲು ಬಾರದವರಿಗೆ ಸ್ವಲ್ಪ ಹೆಚ್ಚು ಸುಲಭವಾಗಿ ಆಗುತ್ತದೆ, ಅಷ್ಟೇ.

ಮೊದಲು ಮೊತ್ತ ನೋಡಿ, ಆಮೇಲೆ ಮಾತು

ಯಾವ ಭಾಷೆಯ ಪರದೆಯಾದರೂ ಅದರಲ್ಲಿ ನಮಗೆ ಓದಲು ಬರುವ ಒಂದು ಸಂಗತಿ ಇದ್ದೇ ಇರುತ್ತದೆ, ಅದು ಅಂಕಿ. ನಮ್ಮ ಸುತ್ತಲಿನ ರಾಜ್ಯಗಳ ಆ್ಯಪ್‌ಗಳಲ್ಲಿ ಬೆಲೆಯನ್ನು 1, 2, 3 ಎನ್ನುವ ಅಂಕಿಗಳಲ್ಲೇ ಹಾಕುತ್ತಾರೆ. ಮರಾಠಿಯಲ್ಲಿ ಅಪರೂಪಕ್ಕೆ ದೇವನಾಗರಿ ಅಂಕಿ ಬರಬಹುದು, ಸೊಲ್ಲಾಪುರದವರಿಗೆ ಅದು ಹೊಸದಲ್ಲ. ಹಾಗಾಗಿ ನಾವು ಯಾವ ಸ್ಕ್ರೀನ್‌ಶಾಟ್ ಬಂದರೂ ಮೊದಲು ಮಾಡುವ ಕೆಲಸ ಒಂದು ಕಳೆಯುವ ಲೆಕ್ಕ.

ಮೊದಲ ಪರದೆಯಲ್ಲಿ ಕಂಡ ದರ ಒಬ್ಬರಿಗೆ 850. ಇಬ್ಬರಿಗೆ 1700. ಕೊನೆಯ ಪರದೆಯಲ್ಲಿ 2043. ವ್ಯತ್ಯಾಸ 343. ಈಗ ನಮ್ಮ ಪ್ರಶ್ನೆ ಇಷ್ಟೇ: ಈ 343 ರೂಪಾಯಿ ಯಾವ ಯಾವ ಸಾಲಿನಿಂದ ಬಂತು?

ಅಕ್ಕ ಕಳಿಸಿದ ಪರದೆಯಲ್ಲಿ ಆ ಸಾಲುಗಳೇ ಇರಲಿಲ್ಲ. ಒಟ್ಟು ಮೊತ್ತ ಮಾತ್ರ ಇತ್ತು, ಅದರ ಪಕ್ಕದಲ್ಲಿ ಕೆಳಮುಖವಾದ ಒಂದು ಸಣ್ಣ ಬಾಣದ ಗುರುತು. ಈ ಬಾಣವನ್ನು ಎಲ್ಲರೂ ಮರೆಯುತ್ತಾರೆ. ಅದನ್ನು ಒತ್ತಿದರೆ ಬಿಲ್ ಬಿಚ್ಚಿಕೊಳ್ಳುತ್ತದೆ. ಅದನ್ನು ಒತ್ತಿ ಇನ್ನೊಂದು ಚಿತ್ರ ಕಳಿಸಿ ಎಂದೆವು. ಬಂತು. ಅದರಲ್ಲಿ ಆರು ಸಾಲು: 1700, 85, 38, 150, 10, 60. ಕೂಡಿಸಿ ನೋಡಿದರೆ ಸರಿಯಾಗಿ 2043.

ಒಂದು ಅಕ್ಷರವನ್ನೂ ಓದದೆ ಈ ಅಂಕಿಗಳಿಂದ ಏನು ತಿಳಿಯುತ್ತದೆ ನೋಡಿ. 85 ಎಂದರೆ 1700ರ ಶೇಕಡಾ 5. ಎ.ಸಿ. ಬಸ್ಸಿನ ದರದ ಮೇಲೆ ಜಿಎಸ್‌ಟಿ ಅಷ್ಟೇ, ಹಾಗಾಗಿ ಅದು ತೆರಿಗೆ. 38 ಮತ್ತು 150 ಎರಡೂ ಎರಡರಿಂದ ಭಾಗವಾಗುತ್ತವೆ: 19ರಂತೆ ಇಬ್ಬರಿಗೆ, 75ರಂತೆ ಇಬ್ಬರಿಗೆ. ತಲೆಗೆ ಇಷ್ಟು ಎಂದು ಲೆಕ್ಕ ಹಾಕಿದ ಸಣ್ಣ ಸೇವೆ ಎಂದರೆ ಹೆಚ್ಚಾಗಿ ವಿಮೆ, ಅಥವಾ ಟಿಕೆಟ್ ರದ್ದು ಮಾಡಿದರೆ ಹಣ ವಾಪಸ್ ಕೊಡುತ್ತೇವೆ ಎನ್ನುವ ರಕ್ಷಣೆ. ಬರೀ 10 ಎನ್ನುವ ಗುಂಡು ಅಂಕಿ ಎಂದರೆ ಸಾಮಾನ್ಯವಾಗಿ ದಾನ. 60 ಎನ್ನುವುದು ಆ್ಯಪ್‌ನವರ ಸೇವಾ ಶುಲ್ಕ. ಇದೆಲ್ಲ ಊಹೆ, ಒಪ್ಪಿಕೊಳ್ಳುತ್ತೇವೆ. ಆದರೆ ಎಲ್ಲಿ ಹುಡುಕಬೇಕು ಎನ್ನುವುದು ಊಹೆಯಿಂದ ಗೊತ್ತಾಗುತ್ತದೆ.

ಟಿಕ್ ಹಾಕಿದ್ದು ಯಾರು?

ಈಗ ಹಿಂದಿನ ಪರದೆಗೆ ಹೋಗಬೇಕು, ಪ್ರಯಾಣಿಕರ ಹೆಸರು ತುಂಬುವ ಪುಟಕ್ಕೆ. ಅದು ಉದ್ದದ ಪುಟ. ಹೆಸರು, ವಯಸ್ಸು ತುಂಬಿದ ಕೂಡಲೇ ಕೆಳಗೆ ಬಣ್ಣದ ಬಟನ್ ಕಾಣುತ್ತದೆ, ಒತ್ತಿದರೆ ಮುಂದೆ. ಪುಟವನ್ನು ಪೂರ್ತಿ ಕೆಳಕ್ಕೆ ಸರಿಸಿ ನೋಡುವವರು ಕಡಿಮೆ. ಅಕ್ಕನ ಪುಟದಲ್ಲಿ ಬಟನ್ನಿನ ಹಿಂದೆ ಅಡಗಿದ ಹಾಗೆ ಮೂರು ಚೌಕಗಳಿದ್ದವು. ಮೂರರಲ್ಲೂ ಮೊದಲೇ ಟಿಕ್ ಬಿದ್ದಿತ್ತು. ಒಂದರ ಪಕ್ಕ 19, ಒಂದರ ಪಕ್ಕ 75, ಒಂದರ ಪಕ್ಕ 10.

ಟಿಕ್ ಇರುವ ಎಲ್ಲ ಚೌಕವೂ ಮೋಸವಲ್ಲ, ಇದನ್ನು ಗಮನಿಸಬೇಕು. ನಿಯಮಗಳನ್ನು ಒಪ್ಪುತ್ತೇನೆ ಎನ್ನುವ ಚೌಕ ಇರುತ್ತದೆ, ವಾಟ್ಸ್‌ಆ್ಯಪ್‌ನಲ್ಲಿ ಸಂದೇಶ ಕಳಿಸಿ ಎನ್ನುವ ಚೌಕ ಇರುತ್ತದೆ. ಇವುಗಳ ಪಕ್ಕದಲ್ಲಿ ರೂಪಾಯಿಯ ಗುರುತು ಇರುವುದಿಲ್ಲ. ನಮ್ಮ ಗುರುತು ಇದು: ಚೌಕ, ನಾವು ಹಾಕದ ಟಿಕ್, ಪಕ್ಕದಲ್ಲಿ ₹. ಈ ಮೂರೂ ಒಟ್ಟಿಗೆ ಕಂಡರೆ ಅದು ನಾವು ಕೇಳದೆ ನಮ್ಮ ಚೀಲಕ್ಕೆ ಬಿದ್ದ ಸಾಮಾನು.

ಟಿಕ್ ತೆಗೆಯುವುದರಲ್ಲೂ ಒಂದು ಗೊಂದಲ ಉಂಟು. ಕೆಲವು ಕಡೆ ಚೌಕದ ಮುಂದೆ "ನನಗೆ ಬೇಡ" ಎಂದು ಬರೆದಿರುತ್ತಾರೆ. ಅಲ್ಲಿ ಟಿಕ್ ಹಾಕಿದರೆ ಮಾತ್ರ ಬೇಡ ಎಂದರ್ಥ, ಖಾಲಿ ಬಿಟ್ಟರೆ ಬೇಕು ಎಂದರ್ಥ. ಅಕ್ಷರ ಓದಲು ಬಾರದವರು ಇದನ್ನು ಹೇಗೆ ಕಂಡುಹಿಡಿಯುವುದು? ಮತ್ತೆ ಅದೇ ಅಂಕಿ. ಚೌಕವನ್ನು ಒಮ್ಮೆ ಒತ್ತಿ, ಕೆಳಗಿನ ಮೊತ್ತ ನೋಡಿ. ಇನ್ನೊಮ್ಮೆ ಒತ್ತಿ, ಮತ್ತೆ ನೋಡಿ. ಯಾವ ಸ್ಥಿತಿಯಲ್ಲಿ ಮೊತ್ತ ಕಡಿಮೆಯಾಗುತ್ತದೋ ಅದೇ ನಿಮ್ಮ "ಬೇಡ". ಒತ್ತಿದ ಮೇಲೆ ಎರಡು ಕ್ಷಣ ಕಾಯಿರಿ, ಮೊತ್ತ ಬದಲಾಗಲು ಅಷ್ಟು ಹೊತ್ತು ಬೇಕಾಗುತ್ತದೆ. ಮುಂದಿನ ಪುಟಕ್ಕೆ ಹೋದ ಮೇಲೆ ಮತ್ತೊಮ್ಮೆ ಬಾಣ ಒತ್ತಿ ಬಿಲ್ ನೋಡಿ. ತೆಗೆದ ಟಿಕ್ ಹಿಂದೆ ಮುಂದೆ ಹೋಗುವಾಗ ತಾನಾಗಿ ಮರಳಿ ಬಿದ್ದದ್ದನ್ನು ನಾವು ಒಂದಕ್ಕಿಂತ ಹೆಚ್ಚು ಸಲ ನೋಡಿದ್ದೇವೆ.

ಅಕ್ಕ ಮೂರು ಟಿಕ್‌ಗಳನ್ನೂ ತೆಗೆದರು. 38, 150, 10 ಹೋದವು, ಒಟ್ಟು 198. ಉಳಿದದ್ದು 1845. ಆ 60 ರೂಪಾಯಿಯ ಸೇವಾ ಶುಲ್ಕ ಹೋಗಲಿಲ್ಲ, ಹೋಗುವುದೂ ಇಲ್ಲ. ಅದಕ್ಕೆ ಚೌಕವೇ ಇಲ್ಲ. ದರವನ್ನು ಮೊದಲೇ ಪೂರ್ತಿ ತೋರಿಸದೆ ಕೊನೆಗೆ ತೊಟ್ಟಿಕ್ಕಿಸುವುದೂ ತಪ್ಪೇ. ಆದರೆ ಅದನ್ನು ಪರದೆಯಲ್ಲಿ ಒತ್ತಿ ತೆಗೆಯಲಾಗುವುದಿಲ್ಲ, ದೂರು ಕೊಡಬೇಕು, ಇಲ್ಲವೇ ಬೇರೆ ಕಡೆ ಟಿಕೆಟ್ ತೆಗೆಯಬೇಕು.

ಒಂದು ಮಾತು ಸ್ಪಷ್ಟ ಮಾಡುತ್ತೇವೆ. ವಿಮೆ ಕೆಟ್ಟದ್ದು, ರದ್ದತಿ ರಕ್ಷಣೆ ತೆಗೆದುಕೊಳ್ಳಬಾರದು ಎಂದು ನಾವು ಹೇಳುತ್ತಿಲ್ಲ. ಆಸ್ಪತ್ರೆಯ ದಿನಾಂಕ ಬದಲಾಗುವ ಸಾಧ್ಯತೆ ಇದ್ದರೆ ಆ 150 ಉಪಯೋಗಕ್ಕೆ ಬರಲೂಬಹುದು. ಅಕ್ಕನಿಗೂ ಹಾಗೆಯೇ ಹೇಳಿದೆವು. ಅವರು ಯೋಚನೆ ಮಾಡಿ, ದಿನಾಂಕ ಗಟ್ಟಿಯಾಗಿದೆ, ಬೇಡ ಎಂದರು. ಅದು ಅವರ ತೀರ್ಮಾನ. ಟಿಕ್ ಮೊದಲೇ ಹಾಕಿದ್ದರಿಂದ ಆ ತೀರ್ಮಾನವನ್ನು ಬೇರೆ ಯಾರೋ ಮಾಡಿಬಿಟ್ಟಿದ್ದರು, ನಮ್ಮ ತಕರಾರು ಅಲ್ಲಿಗೆ.

ಓಡುವ ಗಡಿಯಾರ ನಿಜವೋ ಸುಳ್ಳೋ

ಅದೇ ಪರದೆಯ ತಲೆಯ ಮೇಲೆ ಒಂದು ಕೆಂಪು ಪಟ್ಟಿ ಇತ್ತು. ಅದರಲ್ಲಿ ಓಡುವ ಗಡಿಯಾರ. ಅಕ್ಕ ಗಾಬರಿಯಾದದ್ದು ಅದಕ್ಕೇ. "ಬೇಗ ಹೇಳಿ, ಸಮಯ ಮುಗೀತಾ ಉಂಟು" ಎಂದು ಒಂದರ ಹಿಂದೆ ಒಂದು ಸಂದೇಶ ಬರುತ್ತಿತ್ತು.

ಇಲ್ಲಿ ಸ್ಕ್ರೀನ್‌ಶಾಟ್‌ನ ಒಂದು ಮಿತಿ ಉಂಟು. ಅದು ನಿಂತ ಚಿತ್ರ. ಗಡಿಯಾರ ಓಡುತ್ತಿದೆಯೋ, ಮತ್ತೆ ಮೊದಲಿನಿಂದ ಶುರುವಾಗುತ್ತದೋ ಎನ್ನುವುದು ಒಂದು ಚಿತ್ರದಲ್ಲಿ ಕಾಣುವುದಿಲ್ಲ. ಹಾಗಾಗಿ ನಾವು ಯಾವಾಗಲೂ ಎರಡು ಚಿತ್ರ ಕೇಳುತ್ತೇವೆ, ನಡುವೆ ಹತ್ತು ಹದಿನೈದು ನಿಮಿಷ ಬಿಟ್ಟು. ಮತ್ತೊಂದು, ಚಿತ್ರದ ಮೇಲ್ತುದಿಯಲ್ಲಿ ಮೊಬೈಲಿನ ಸಮಯ ಇರುತ್ತದಲ್ಲ, ಅದನ್ನು ಕತ್ತರಿಸಬೇಡಿ. ನಮಗೆ ಸಾಕ್ಷಿ ಅದೇ.

ಅಕ್ಕನ ಮೊದಲ ಚಿತ್ರದಲ್ಲಿ ಮೊಬೈಲಿನ ಸಮಯ 8:14, ಕೆಂಪು ಪಟ್ಟಿಯಲ್ಲಿ ಉಳಿದ ಸಮಯ 09:41. ಪುಟ ಮುಚ್ಚಿ, ಮತ್ತೆ ತೆರೆದು, ಎರಡನೆಯ ಚಿತ್ರ ಕಳಿಸಿದಾಗ ಮೊಬೈಲಿನಲ್ಲಿ 8:31, ಪಟ್ಟಿಯಲ್ಲಿ 09:38. ಹದಿನೇಳು ನಿಮಿಷ ಕಳೆದಿದೆ, ಗಡಿಯಾರದಲ್ಲಿ ಮೂರು ಸೆಕೆಂಡ್ ಮಾತ್ರ ಕಡಿಮೆ. ಎಂದರೆ ಪುಟ ತೆರೆದಾಗಲೆಲ್ಲ ಹತ್ತು ನಿಮಿಷದಿಂದ ಮತ್ತೆ ಶುರು. ಬೆಲೆ? ಅದೇ 850. ಮುಗಿಯುತ್ತದೆ ಎಂದು ಹೆದರಿಸಿದ ಕೊಡುಗೆ ಮುಗಿದಿರಲೇ ಇಲ್ಲ.

ಆದರೆ ಎಲ್ಲ ಗಡಿಯಾರವೂ ಸುಳ್ಳಲ್ಲ, ಇಲ್ಲಿ ಎಚ್ಚರ ಬೇಕು. ನೀವು ಒಂದು ಸೀಟನ್ನು ಆರಿಸಿ ಮುಂದೆ ಹೋದ ಮೇಲೆ, ಆ ಸೀಟನ್ನು ಬೇರೆಯವರಿಗೆ ಕೊಡದೆ ಕೆಲವು ನಿಮಿಷ ಹಿಡಿದಿಡುತ್ತಾರೆ. ಆಗ ಬರುವ ಗಡಿಯಾರ ನಿಜವಾದದ್ದು. ಬ್ಯಾಂಕಿನ ಹಣ ಕಟ್ಟುವ ಪುಟದಲ್ಲಿ ಬರುವುದೂ ನಿಜವಾದದ್ದು, ಮುಗಿದರೆ ಪುಟ ಮುಚ್ಚಿಕೊಳ್ಳುತ್ತದೆ. ಸೀಟು ಬಿಟ್ಟು ಮತ್ತೆ ಆರಿಸಿದರೆ ಆ ಗಡಿಯಾರವೂ ಮೊದಲಿನಿಂದ ಶುರುವಾಗುವುದು ಸಹಜ. ಹಾಗಾದರೆ ವ್ಯತ್ಯಾಸ ತಿಳಿಯುವುದು ಹೇಗೆ?

ಎರಡು ಪರೀಕ್ಷೆ ಸಾಕು. ಒಂದು, ಗಡಿಯಾರ ಯಾವಾಗ ಬಂತು ನೋಡಿ. ಸೀಟು ಆರಿಸಿದ ಮೇಲೆ ಬಂದರೆ ಅದು ಹಿಡಿದಿಡುವ ಗಡಿಯಾರ ಇರಬಹುದು. ಏನನ್ನೂ ಆರಿಸುವ ಮೊದಲೇ, ಬಸ್ಸುಗಳ ಪಟ್ಟಿಯ ಮೇಲೆಯೇ ಓಡುತ್ತಿದ್ದರೆ, ಅದು ಹಿಡಿದಿಡಲು ಏನೂ ಇಲ್ಲ, ಅವಸರ ಹುಟ್ಟಿಸಲು ಮಾತ್ರ. ಎರಡು, ಇನ್ನೊಬ್ಬರ ಮೊಬೈಲಿನಲ್ಲಿ ಅದೇ ಬಸ್ಸನ್ನು ತೆರೆಯಿರಿ. ನಿಜವಾಗಿ ಹಿಡಿದಿಟ್ಟಿದ್ದರೆ ನಿಮ್ಮ ಸೀಟು ಅಲ್ಲಿ ಖಾಲಿ ಎಂದು ಕಾಣಬಾರದು. ಖಾಲಿ ಕಂಡರೆ ಆ ಗಡಿಯಾರ ಏನನ್ನೂ ಕಾಯುತ್ತಿಲ್ಲ. ಬೆಲೆಯ ಗಡಿಯಾರವಾದರೆ ಇನ್ನೂ ಸುಲಭ: ಸೊನ್ನೆಗೆ ಬರುವ ತನಕ ಬಿಟ್ಟು ನೋಡಿ, ಬೆಲೆ ಬದಲಾಗುತ್ತದಾ ಅಂತ.

ಗಡಿಯಾರದ ಕೆಳಗೆ ಇನ್ನೊಂದು ಸಾಲು ಇತ್ತು, ಅದರಲ್ಲಿ 3 ಎನ್ನುವ ಅಂಕಿ ಮಾತ್ರ ನಮಗೆ ಓದಲು ಬಂತು. ಮೂರೇ ಸೀಟು ಉಳಿದಿದೆ ಎನ್ನುವ ಮಾತು ಎಂದು ಅಂದಾಜಾಯಿತು. ಅಕ್ಕನಿಗೆ ಸೀಟಿನ ನಕ್ಷೆ ತೆರೆಯಲು ಹೇಳಿದೆವು. ಎಣಿಸಿದರೆ 14 ಖಾಲಿ. ಇಲ್ಲಿಯೂ ಒಂದು ನ್ಯಾಯದ ಮಾತು: "ಈ ದರದಲ್ಲಿ ಮೂರು ಸೀಟು" ಎಂದಿದ್ದರೆ ಅದು ನಿಜವಿರಬಹುದು, ಒಂದೇ ಬಸ್ಸಿನಲ್ಲಿ ಹಿಂದಿನ ಸೀಟಿಗೆ ಒಂದು ದರ, ಮುಂದಿನದಕ್ಕೆ ಇನ್ನೊಂದು ದರ ಇರುತ್ತದೆ. ಆದ್ದರಿಂದ ಖಾಲಿ ಸೀಟುಗಳನ್ನು ಒಂದೊಂದಾಗಿ ಒತ್ತಿ ದರ ನೋಡಬೇಕು. ಅಕ್ಕ ನೋಡಿದರು, 14ರಲ್ಲಿ 9 ಸೀಟು 850ಕ್ಕೇ ಇದ್ದವು. ಆಮೇಲೆ ಅವರ ಗಾಬರಿ ಇಳಿಯಿತು. "ಅಯ್ಯೋ, ಇಷ್ಟು ಹೊತ್ತು ಸುಮ್ಮನೆ ಹೆದರಿದ್ದಾ?" ಎಂದು ಕೇಳಿದರು.

ಕಣ್ಣಿಗೆ ಬಾರದ್ದು ಕಿವಿಗೆ ಬರುತ್ತದೆ

ಅಂಕಿಯಿಂದ ಆಗದ್ದು ಒಂದು ಉಳಿಯಿತು: ಮಾತಿನ ಒತ್ತಡ. ವಿಮೆಯ ಟಿಕ್ ತೆಗೆಯುವಾಗ ಒಂದು ಸಣ್ಣ ಪೆಟ್ಟಿಗೆ ಎದ್ದು ಬಂತು. ಅದರಲ್ಲಿ ಹಸಿರು ಬಣ್ಣದ ದೊಡ್ಡ ಬಟನ್, ಅದರಲ್ಲಿ ಎರಡೇ ಪದ. ಅದರ ಕೆಳಗೆ ಬೂದು ಬಣ್ಣದ ಸಣ್ಣ ಅಕ್ಷರದಲ್ಲಿ ಒಂದು ಉದ್ದದ ಸಾಲು. ಅದು ಬಟನ್ ಎಂದೇ ಅನ್ನಿಸುವುದಿಲ್ಲ.

ನಮ್ಮ ಗಡಿನಾಡಿನ ಜನರಿಗೆ ಇಲ್ಲಿ ಒಂದು ಅನುಕೂಲ ಉಂಟು, ಅದನ್ನು ನಾವು ಬಳಸಿಕೊಳ್ಳುತ್ತಿಲ್ಲ. ನಮ್ಮಲ್ಲಿ ಬಹಳ ಮಂದಿಗೆ ಆ ರಾಜ್ಯದ ಭಾಷೆ ಓದಲು ಬಾರದಿದ್ದರೂ ಕೇಳಿದರೆ ಅರ್ಥವಾಗುತ್ತದೆ. ಹಾಗಿದ್ದ ಮೇಲೆ ಮೊಬೈಲಿನಿಂದಲೇ ಓದಿಸಬಹುದು. ಆಂಡ್ರಾಯ್ಡ್ ಮೊಬೈಲಿನ ಸೆಟ್ಟಿಂಗ್ಸ್‌ನಲ್ಲಿ Accessibility ಎನ್ನುವ ವಿಭಾಗದೊಳಗೆ Select to Speak ಎಂಬುದು ಉಂಟು. ಕಣ್ಣು ಕಾಣದವರಿಗೆ, ಓದಲು ಕಷ್ಟವಿರುವವರಿಗೆ ಎಂದು ಮಾಡಿದ ಸೌಲಭ್ಯ. ಅದನ್ನು ಚಾಲೂ ಮಾಡಿದರೆ ಪರದೆಯ ಬದಿಯಲ್ಲಿ ಒಂದು ಗುರುತು ಬರುತ್ತದೆ. ಅದನ್ನು ಒತ್ತಿ, ಆಮೇಲೆ ಬೇಕಾದ ಸಾಲನ್ನು ಒತ್ತಿದರೆ ಅದನ್ನು ಗಟ್ಟಿಯಾಗಿ ಓದುತ್ತದೆ. ಮಲಯಾಳ, ತಮಿಳು, ತೆಲುಗು, ಮರಾಠಿ ಎಲ್ಲದಕ್ಕೂ ಧ್ವನಿ ಸಿಗುತ್ತದೆ, ಮೊದಲ ಸಲ ಆ ಭಾಷೆಯ ಧ್ವನಿಯನ್ನು ಇಳಿಸಿಕೊಳ್ಳಬೇಕಾಗಬಹುದು. ಕೆಲವು ಆ್ಯಪ್‌ಗಳು ಅಕ್ಷರವನ್ನು ಚಿತ್ರವಾಗಿ ಹಾಕಿರುತ್ತವೆ, ಅದು ಸರಿಯಾಗಿ ಓದದೆ ಹೋಗಬಹುದು. ಆಗ ಓದು ಬರುವವರಿಗೆ ಕಳಿಸಲೇಬೇಕು.

ಅಕ್ಕ ಆ ಬೂದು ಸಾಲನ್ನು ಓದಿಸಿದರು. ಮೊಬೈಲ್ ಹೇಳಿದ್ದು ಹೀಗೆ: "ವೇಂಡ, ಎನ್ಡೆ ಯಾತ್ರ ಸುರಕ್ಷಿತಮಲ್ಲೆಂಗಿಲುಂ ಸಾರಮಿಲ್ಲ." ಎಂದರೆ, ಬೇಡ, ನನ್ನ ಪ್ರಯಾಣ ಸುರಕ್ಷಿತವಲ್ಲದಿದ್ದರೂ ಪರವಾಗಿಲ್ಲ. ಕಾಯಿಲೆಯ ಅತ್ತೆಯನ್ನು ಕರೆದುಕೊಂಡು ಹೋಗುವವರ ಕೈಯಲ್ಲಿ ಈ ಮಾತು ಒತ್ತಿಸುತ್ತಾರೆ ನೋಡಿ! ಬೇಡ ಎನ್ನಲು "ವೇಂಡ" ಎನ್ನುವ ಒಂದು ಪದ ಸಾಲದಾ? ಉಳಿದದ್ದು ನಾಚಿಕೆಪಡಿಸಲು, ಹೆದರಿಸಲು ಸೇರಿಸಿದ್ದು.

ಇದರಿಂದ ನಾವು ಒಂದು ಸುಲಭದ ಗುರುತು ಮಾಡಿಕೊಂಡಿದ್ದೇವೆ. ನಿಜವಾದ "ಬೇಡ" ಚಿಕ್ಕದು: ಮಲಯಾಳದಲ್ಲಿ ವೇಂಡ, ತಮಿಳಿನಲ್ಲಿ ವೇಂಡಾಂ, ತೆಲುಗಿನಲ್ಲಿ ವದ್ದು, ಮರಾಠಿಯಲ್ಲಿ ನಕೋ. ಬೇಡ ಎನ್ನುವ ಸಾಲು ಉದ್ದವಾಗಿದ್ದು, ಅದರಲ್ಲಿ "ನಾನು, ನನ್ನ" ಎನ್ನುವ ಪದ ಬಂದರೆ, ಎಂದರೆ ಮಲಯಾಳದ ಞಾನ್, ಎನ್ಡೆ, ತಮಿಳಿನ ನಾನ್, ಎನ್, ತೆಲುಗಿನ ನೇನು, ನಾ, ಮರಾಠಿಯ ಮೀ, ಮಾಝಾ ಬಂದರೆ, ಅದು ನಿಮ್ಮ ಬಾಯಿಂದ ನಿಮ್ಮನ್ನೇ ಬೈಸುವ ಸಾಲು. ಹಾಗೆಯೇ ಅವಸರದ ಸಾಲಿನಲ್ಲಿ "ಮಾತ್ರ" ಎನ್ನುವ ಪದ ಬಂದೇ ಬರುತ್ತದೆ: ಮಲಯಾಳದಲ್ಲಿ ಮಾತ್ರಂ, ತಮಿಳಿನಲ್ಲಿ ಮಟ್ಟುಮೇ, ತೆಲುಗಿನಲ್ಲಿ ಮಾತ್ರಮೇ, ಮರಾಠಿಯಲ್ಲಿ ಫಕ್ತ. ಅದು ಕಿವಿಗೆ ಬಿದ್ದರೆ ಕೂಡಲೇ ಒತ್ತಬೇಡಿ, ಎಣಿಸಿ ನೋಡಿ.

ಕೊಲ್ಲಿ ದೇಶಗಳಲ್ಲಿ ದುಡಿಯುವ ನಮ್ಮ ಮಕ್ಕಳೂ ಕೇಳಿದ್ದಾರೆ, ಅರಬ್ಬಿ ಪರದೆಗೂ ಇದು ಆಗುತ್ತದಾ ಎಂದು. ಕ್ರಮ ಅದೇ, ದಿಕ್ಕು ಮಾತ್ರ ತಿರುಗುಮುರುಗು. ಅರಬ್ಬಿ ಬಲದಿಂದ ಎಡಕ್ಕೆ ಓದುವ ಭಾಷೆ, ಹಾಗಾಗಿ ಟಿಕ್ ಚೌಕ ಸಾಲಿನ ಬಲ ತುದಿಯಲ್ಲಿರುತ್ತದೆ, ಬೆಲೆ ಎಡ ತುದಿಗೆ ಹೋಗುತ್ತದೆ. ಎಡಗಡೆ ಮಾತ್ರ ಚೌಕ ಹುಡುಕಿದರೆ ಸಿಗುವುದಿಲ್ಲ. ಮೊತ್ತ ನೋಡಿ ಟಿಕ್ ತೆಗೆಯುವ ಪರೀಕ್ಷೆ ಅಲ್ಲಿಯೂ ಹಾಗೆಯೇ ನಡೆಯುತ್ತದೆ.

ಹಣ ಹೋದ ಮೇಲೆ

ಈ ಸಲ ಅಕ್ಕ ಮೊದಲೇ ಕೇಳಿದ್ದರಿಂದ 198 ರೂಪಾಯಿ ಉಳಿಯಿತು. ಮಾತಿನ ನಡುವೆ ಅವರು ಇನ್ನೊಂದು ಹೇಳಿದರು: ಹಿಂದಿನ ತಿಂಗಳು ಒಬ್ಬರೇ ಹೋಗಿಬಂದಾಗಲೂ ಇದೇ ಆ್ಯಪ್. ಆ ಟಿಕೆಟ್ ತೆಗೆದು ನೋಡಿದರೆ ಅಲ್ಲಿಯೂ 19, 75, 10. ಒಟ್ಟು 104 ರೂಪಾಯಿ ಹೋಗಿತ್ತು.

ಕಾನೂನು ಏನು ಹೇಳುತ್ತದೆ? 2020ರ ಗ್ರಾಹಕ ಸಂರಕ್ಷಣಾ ಇ-ಕಾಮರ್ಸ್ ನಿಯಮಗಳಲ್ಲಿ ಸ್ಪಷ್ಟವಾಗಿಯೇ ಇದೆ: ಗ್ರಾಹಕರು ತಾವಾಗಿ ಮಾಡಿದ ಕ್ರಿಯೆಯಿಂದ ಮಾತ್ರ ಒಪ್ಪಿಗೆ ಪಡೆಯಬೇಕು, ಮೊದಲೇ ಟಿಕ್ ಹಾಕಿದ ಚೌಕದಿಂದ ಒಪ್ಪಿಗೆ ಎಂದು ದಾಖಲಿಸಬಾರದು. ಆಮೇಲೆ 2023ರ ನವೆಂಬರ್ 30ರಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಇಂಥ ವಂಚನೆಯ ವಿನ್ಯಾಸಗಳ ಮೇಲೆ ಮಾರ್ಗಸೂಚಿ ಹೊರಡಿಸಿತು. ಅದರಲ್ಲಿ 13 ಬಗೆ ಹೆಸರಿಸಿದ್ದಾರೆ. ಸುಳ್ಳು ಅವಸರ, ಕೇಳದೆ ಬುಟ್ಟಿಗೆ ಸೇರಿಸುವುದು, ನಾಚಿಕೆಪಡಿಸಿ ಒಪ್ಪಿಸುವುದು, ದರವನ್ನು ತೊಟ್ಟಿಕ್ಕಿಸುವುದು, ಈ ನಾಲ್ಕೂ ಅಲ್ಲಿವೆ. ವಿಮಾನದ ಟಿಕೆಟ್ ತೆಗೆಯುವಾಗ ವಿಮೆ ಬೇಡ ಎಂದವರಿಗೆ "ನಾನು ಅಸುರಕ್ಷಿತವಾಗಿಯೇ ಇರುತ್ತೇನೆ" ಎನ್ನುವ ಮಾತು ತೋರಿಸುವುದನ್ನೇ ಅಲ್ಲಿ ಉದಾಹರಣೆಯಾಗಿ ಕೊಟ್ಟಿದ್ದಾರೆ. ಅಕ್ಕನ ಪರದೆಯ ಮಾತಿಗೂ ಇದಕ್ಕೂ ಏನು ವ್ಯತ್ಯಾಸ, ಹೇಳಿ.

ದೂರಿನ ಮೊದಲ ಮೆಟ್ಟಿಲು ಆ ಆ್ಯಪ್‌ನ ಕುಂದುಕೊರತೆ ಅಧಿಕಾರಿ. ಅವರ ಹೆಸರು, ವಿಳಾಸ ಆ್ಯಪ್‌ನಲ್ಲಿ ಇರಲೇಬೇಕು. ದೂರು ತಲುಪಿದೆ ಎಂದು 48 ಗಂಟೆಯೊಳಗೆ ತಿಳಿಸಬೇಕು, ಒಂದು ತಿಂಗಳೊಳಗೆ ಪರಿಹರಿಸಬೇಕು. ಅಲ್ಲಿ ಆಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ, 1915. ನಮ್ಮವರು ಕಿವಿಗೊಟ್ಟು ಕೇಳಬೇಕಾದ್ದು ಇಲ್ಲಿ: ಈ ಸಹಾಯವಾಣಿ 17 ಭಾಷೆಗಳಲ್ಲಿ ಉಂಟು, ಅದರಲ್ಲಿ ಕನ್ನಡವೂ ಒಂದು. ಕೇರಳದಲ್ಲಿದ್ದೀರಿ ಎಂದು ಮಲಯಾಳದಲ್ಲೇ ಮಾತನಾಡಬೇಕಾಗಿಲ್ಲ, ಮಹಾರಾಷ್ಟ್ರದಲ್ಲಿದ್ದೀರಿ ಎಂದು ಮರಾಠಿಯಲ್ಲೇ ಹೇಳಬೇಕಾಗಿಲ್ಲ. ಭಾಷೆ ಆರಿಸುವಾಗ ಕನ್ನಡ ಆರಿಸಿ.

ಅಕ್ಕ ಮೊದಲು ಆ್ಯಪ್‌ನವರಿಗೆ ಬರೆದರು, ಉತ್ತರ ಸಿದ್ಧ ಅಚ್ಚಿನ ಹಾಗೆ ಬಂತು. ಆಮೇಲೆ 1915ಕ್ಕೆ ಕನ್ನಡದಲ್ಲೇ ದೂರು ಕೊಟ್ಟರು. ಕೆಲವು ದಿನ ಬಿಟ್ಟು 85 ರೂಪಾಯಿ ವಾಪಸ್ ಬಂತು, ರದ್ದತಿಯ 75 ಮತ್ತು ದಾನದ 10. ವಿಮೆಯ 19 ಬರಲಿಲ್ಲ. ಪಾಲಿಸಿ ಕೊಟ್ಟಾಗಿದೆ, ಪ್ರಯಾಣವೂ ಮುಗಿದಿದೆ ಎಂದರು. ಎಲ್ಲರಿಗೂ ಹಣ ಖಂಡಿತ ಬರುತ್ತದೆ ಎಂದು ನಾವು ಹೇಳುವುದಿಲ್ಲ. ಸಹಾಯವಾಣಿಗೆ ತೀರ್ಪು ಕೊಡುವ ಅಧಿಕಾರ ಇಲ್ಲ, ಅದು ಎರಡೂ ಕಡೆಯವರನ್ನು ಮಾತಾಡಿಸುತ್ತದೆ. ಅದಕ್ಕೂ ಮಣಿಯದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. 2019ರ ಕಾಯ್ದೆಯ ಪ್ರಕಾರ ನೀವು ವಾಸವಿರುವ ಜಿಲ್ಲೆಯಲ್ಲೇ ದೂರು ಹಾಕಬಹುದು, ಕಂಪನಿಯ ಊರಿಗೆ ಹೋಗಬೇಕಾಗಿಲ್ಲ. 5 ಲಕ್ಷ ರೂಪಾಯಿಯೊಳಗಿನ ವ್ಯವಹಾರಕ್ಕೆ ಶುಲ್ಕವೂ ಇಲ್ಲ.

ಇದಕ್ಕೆಲ್ಲ ಬೇಕಾದದ್ದು ಸಾಕ್ಷಿ. ನಾವು ನಾಲ್ಕು ಚಿತ್ರ ಕೇಳುತ್ತೇವೆ: ಮೊದಲು ದರ ಕಂಡ ಪರದೆ, ಟಿಕ್ ಇರುವ ಪುಟ ಮುಟ್ಟುವ ಮೊದಲು ಹೇಗಿತ್ತೋ ಹಾಗೆ, ಬಾಣ ಒತ್ತಿ ಬಿಚ್ಚಿದ ಬಿಲ್, ಹಣ ಕಟ್ಟಿದ ಮೇಲಿನ ರಸೀದಿ. ಇವುಗಳಲ್ಲಿ ಎರಡನೆಯದೇ ಮುಖ್ಯ. ಟಿಕ್ ತೆಗೆದ ಮೇಲೆ ತೆಗೆದ ಚಿತ್ರದಿಂದ, ಅದು ಮೊದಲೇ ಇತ್ತು ಎಂದು ತೋರಿಸಲಾಗುವುದಿಲ್ಲ. ಅದಕ್ಕಾಗಿ ಪುಟ ತೆರೆದ ಕೂಡಲೇ, ಬೆರಳು ತಾಗಿಸುವ ಮೊದಲು ಚಿತ್ರ ತೆಗೆಯಿರಿ.

ಗುಂಪಿಗೆ ಕಳಿಸುವಾಗ ಹೆಸರು, ಫೋನ್ ನಂಬರ್, ಕಾರ್ಡಿನ ಅಂಕಿ ಕಾಣುವ ಜಾಗವನ್ನು ಗೀಚಿ ಮುಚ್ಚಿ. ಒಟಿಪಿ ಬಂದ ಚಿತ್ರವನ್ನು ನಮಗೂ ಕಳಿಸಬೇಡಿ. ನಾವು ಕೇಳುವುದಿಲ್ಲ, ನಮ್ಮ ಹೆಸರು ಹೇಳಿ ಯಾರಾದರೂ ಕೇಳಿದರೂ ಕೊಡಬೇಡಿ.

ಆ ಅಕ್ಕ ಮೊನ್ನೆ ಇನ್ನೊಂದು ಚಿತ್ರ ಕಳಿಸಿದ್ದಾರೆ. ಪಕ್ಕದ ಮನೆಯವರ ಟಿಕೆಟ್. ಬಿಲ್ ಬಿಚ್ಚಿ, ಮೂರು ಸಾಲಿಗೆ ಕೆಂಪು ಗೆರೆ ಎಳೆದು, ಕೆಳಗೆ ಬರೆದಿದ್ದರು: "ಇದನ್ನು ನಾನೇ ತೆಗೆಸಿದೆ. ಸರಿ ಉಂಟಾ ನೋಡಿ."

ನೋಡಿದೆವು. ಸರಿ ಇತ್ತು.